ಹಡಗಿನ ಮಾಲು ವಿಮಾನಕ್ಕೆ ಹಾಕಿದರೆ ದುಡ್ಡು ಯಾರದ್ದು? ರಫ್ತು ಮಾಡುವವರ ಗ್ರೂಪ್‌ನಲ್ಲಿ ನಡೆದ ಮಾತು.

ಉದ್ಯಮಬಾಗ ಮಷೀನ್ ಶಾಪ್: ಮೇಡಂ, ಜರ್ಮನಿಗೆ 400 ವಾಲ್ವ್ ಬಾಡಿ, 2400 ಕೆಜಿ, ಎಫ್‌ಒಬಿ ನ್ಹಾವಾ ಶೇವಾ ಬಂದರು. ಮಾಲು ಬಂದರಿನ ಕಂಟೇನರ್ ಗೋದಾಮು ಸಿಎಫ್‌ಎಸ್‌ನಲ್ಲಿದೆ, ಕಸ್ಟಮ್ಸ್ ಮುಗಿದಿದೆ. ಹಡಗಿನವರು ಎರಡು ಸಲ ಮುಂದೂಡಿದರು. ಪಾರ್ಟಿ ‘ಏರ್‌ನಲ್ಲಿ ಕಳಿಸಿ, ಖರ್ಚು ನಿಮ್ಮದು’ ಅಂತಿದ್ದಾರೆ. ಅವರದೇ ಫಾರ್ವರ್ಡರ್ ಕೆಜಿಗೆ 280 ರೂಪಾಯಿ ಅಂದಿದ್ದಾರೆ. ಒಪ್ಪಬೇಕಾ?

ಫಾರ್ವರ್ಡರ್ ಮೇಡಂ: ಇವತ್ತು ಒಪ್ಪಬೇಡಿ. ಹಡಗಿಗೆ ಮಾಲು ಒಪ್ಪಿಸುವ ಕೊನೆ ಗಡುವು, ಅಂದರೆ ಕಟ್‌ಆಫ್‌ಗಿಂತ ಮುಂಚೆ ಮಾಲು ಗೇಟ್ ಒಳಗೆ ಹೋಗಿತ್ತಾ? ಗೇಟ್ ಸ್ಲಿಪ್ ಇದೆಯಾ? ಪಾರ್ಟಿ ಹತ್ತಿರ ಎಷ್ಟು ವಾರದ ಸ್ಟಾಕ್ ಉಳಿದಿದೆ?

ಮಚ್ಛೆ ಫೌಂಡ್ರಿ: ಎಫ್‌ಒಬಿ ಅಂದರೆ ಹಡಗು ಹತ್ತುವವರೆಗೆ ಎಲ್ಲ ನಮ್ಮ ತಲೆ ಮೇಲೆ. ಕೊಡಲೇಬೇಕು ಅಣ್ಣಾ.

ಉದ್ಯಮಬಾಗ ಮಷೀನ್ ಶಾಪ್: ಎರಡು ದಿನ ಮೊದಲೇ ಗೇಟ್ ಇನ್ ಆಗಿದೆ, ಸ್ಲಿಪ್ ಇದೆ. ಅವರಿಗೆ ವಾರಕ್ಕೆ 25 ಪೀಸ್ ಬೇಕು, 3 ವಾರದ ಸ್ಟಾಕ್ ಇದೆಯಂತೆ.

ಫಾರ್ವರ್ಡರ್ ಮೇಡಂ: ಮಚ್ಛೆಯವರು ಹೇಳಿದ್ದು ಅರ್ಧ ಸರಿ. ಮಾಮೂಲಿಯಾಗಿ ಹಡಗು ಹತ್ತುವವರೆಗೆ ಜವಾಬ್ದಾರಿ ಮಾರಿದವರದ್ದು. ಆದರೆ ಎಫ್‌ಒಬಿಯಲ್ಲಿ ಹಡಗು ಗೊತ್ತು ಮಾಡುವವರು ಕೊಂಡವರು. ಅವರು ಗೊತ್ತು ಮಾಡಿದ ಹಡಗು ಮಾಲು ಹತ್ತಿಸಿಕೊಳ್ಳದಿದ್ದರೆ, ಒಪ್ಪಿದ ದಿನದಿಂದಾಚೆ ಹೆಚ್ಚುವರಿ ಖರ್ಚು ಅವರದ್ದು. ಮಾಲು ಅವರಿಗಾಗಿಯೇ ಬೇರೆ ಇಟ್ಟಿದ್ದು ಅಂತ ತೋರಿಸಲು ಬರಬೇಕು. ಅದಕ್ಕೇ ಗೇಟ್ ಸ್ಲಿಪ್, ಕಟ್‌ಆಫ್ ಮೇಲ್, ಮುಂದೂಡಿದ ನೋಟಿಸ್ ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಕಟ್‌ಆಫ್ ನೀವೇ ತಪ್ಪಿಸಿದ್ದರೆ ಈ ಮಾತು ನಡೆಯುತ್ತಿರಲಿಲ್ಲ.

ಒಂದು ಚಿಂತೆ ಇದೆ. ಪರ್ಚೇಸ್ ಆರ್ಡರ್‌ನ ಹಿಂದಿನ ಪುಟ ಓದಿ. ‘ತಡವಾದರೆ ಪ್ರೀಮಿಯಂ ಫ್ರೈಟ್ ಸಪ್ಲೈಯರ್‌ದು’, ಅಂದರೆ ತುರ್ತಾಗಿ ಕಳಿಸುವ ದುಬಾರಿ ಬಾಡಿಗೆ ನಿಮ್ಮದು ಅಂತ ಸಣ್ಣಕ್ಷರದಲ್ಲಿ ಇರಬಹುದು. ಅದಕ್ಕೆ ಸಹಿ ಹಾಕಿದ್ದರೆ ಎಫ್‌ಒಬಿ ಲೆಕ್ಕಕ್ಕೆ ಬರುವುದು ಕಷ್ಟ.

ಇನ್ನು, ಸಿಎಫ್‌ಎಸ್‌ನಲ್ಲಿರುವ ಮಾಲಿಗೆ ಕೈ ಹಚ್ಚಬೇಡಿ. ಹೊರಗೆ ತೆಗೆಯಲು ಬ್ಯಾಕ್ ಟು ಟೌನ್ ಪರ್ಮಿಷನ್ ಬೇಕು. ಕಸ್ಟಮ್ಸ್‌ಗೆ ಈಗಾಗಲೇ ಕೊಟ್ಟ ಶಿಪ್ಪಿಂಗ್ ಬಿಲ್ ರದ್ದಾಗಬೇಕು, ಮುಂಬೈ ಏರ್ ಕಾರ್ಗೋದಲ್ಲಿ ಹೊಸದು ಹಾಕಬೇಕು. ಜಿಎಸ್‌ಟಿ ರಿಟರ್ನ್‌ನಲ್ಲಿ ಹಳೇ ನಂಬರ್ ಉಳಿದರೆ ರಿಫಂಡ್ ಸಿಕ್ಕಿಹಾಕಿಕೊಳ್ಳುತ್ತದೆ. ಅಷ್ಟರಲ್ಲಿ ಮುಂದಿನ ಹಡಗು ಬಂದೇ ಬಿಡುತ್ತದೆ.

ಲೆಕ್ಕ ನೋಡಿ. ಮಾಲು ಅವರ ಶೆಡ್ ತಲುಪಲು ಇನ್ನೂ 7 ವಾರ ಅಂತ ಹಿಡಿಯೋಣ. ಕೈಯಲ್ಲಿ 3 ವಾರದ್ದು ಇದೆ. ಕೊರತೆ 4 ವಾರ, ಅಂದರೆ 100 ಪೀಸ್, 600 ಕೆಜಿ. ಮುಂದಿನ ಲಾಟ್‌ನಿಂದ ಅಷ್ಟನ್ನೇ ಫ್ಯಾಕ್ಟರಿಯಿಂದ ಕಳಿಸಿ. ಎಲ್ಲ ಏರ್ ಮಾಡಿದರೆ 6,72,000. ಇಷ್ಟೇ ಆದರೆ 1,68,000. ಕಬ್ಬಿಣದ ಮಾಲಿಗೆ ಗಾತ್ರದ ತೂಕ ಕಮ್ಮಿ ಬರುತ್ತದೆ, ನಿಜ ತೂಕಕ್ಕೇ ಬಿಲ್. ಫ್ಯೂಯೆಲ್, ಸೆಕ್ಯೂರಿಟಿ ಚಾರ್ಜ್ ಆ 280ರಲ್ಲಿ ಸೇರಿದೆಯಾ ಅಂತ ಬರೆಸಿಕೊಳ್ಳಿ.

ಬಾಗಲಕೋಟೆ ಟ್ರೇಡರ್: ಇದು ಬಂದಿತ್ತು ನೋಡಿ: ‘7 ದಿನ ತಡವಾದರೆ ಶಿಪ್ಪಿಂಗ್ ಲೈನ್ ಉಚಿತವಾಗಿ ಏರ್ ಮಾಡಿಕೊಡಬೇಕು. ಇಲ್ಲದಿದ್ದರೆ ಇನ್ಶೂರೆನ್ಸ್ ಕೊಡುತ್ತದೆ. ಎಲ್ಲರಿಗೂ ಕಳಿಸಿ.’

ಫಾರ್ವರ್ಡರ್ ಮೇಡಂ: ಯಾರಿಗೂ ಕಳಿಸಬೇಡಿ. ಇಂಥ ದಿನಕ್ಕೆ ತಲುಪಿಸುತ್ತೇವೆ ಅಂತ ಲೈನ್‌ನವರು ಮಾಲು ಪಡೆದದ್ದಕ್ಕೆ ಕೊಡುವ ಬಿಎಲ್‌ನಲ್ಲಿ ಬರೆದುಕೊಡುವುದಿಲ್ಲ. ಮರೈನ್ ಪಾಲಿಸಿಯಲ್ಲಿ ತಡದಿಂದಾದ ನಷ್ಟವನ್ನು ಹೊರಗಿಟ್ಟಿರುತ್ತಾರೆ. ಇದನ್ನು ನಂಬಿ ಬುಕ್ ಮಾಡಿದವರು ಬಿಲ್ ತಾವೇ ಕಟ್ಟಬೇಕು.

ವಿಜಯಪುರ ಒಣದ್ರಾಕ್ಷಿ: ನಮ್ಮ ಒಂದು ಕಂಟೇನರ್ ಒಣದ್ರಾಕ್ಷಿ ಕೊಲಂಬೊದಲ್ಲಿ ನಿಂತಿದೆ. ಅಲ್ಲಿಂದ ಏರ್ ಆಗುತ್ತದಾ?

ಫಾರ್ವರ್ಡರ್ ಮೇಡಂ: ಪೂರ್ತಿ ಕಂಟೇನರ್ ಏರ್ ಮಾಡಿದರೆ ಬಾಡಿಗೆಯೇ ಮಾಲನ್ನು ತಿನ್ನುತ್ತದೆ. ಕಾಯಿರಿ.

ಮಚ್ಛೆ ಫೌಂಡ್ರಿ: ಏನೇ ಹೇಳಿ, ಕಸ್ಟಮರ್ ಜೊತೆ ಜಗಳ ಬೇಡ. ನಾವು ಹೋದ ಸಲ ಸುಮ್ನೆ ಕಟ್ಟಿದೆವು.

ಬಾಗಲಕೋಟೆ ಟ್ರೇಡರ್: ನಿಮ್ಮಂಥವರು ಕಟ್ಟುವುದರಿಂದಲೇ ಅವರು ಎಲ್ಲರ ಹತ್ತಿರ ಕೇಳುತ್ತಾರೆ.

ಮಚ್ಛೆ ಫೌಂಡ್ರಿ: ನೀವು ಒಂದು ಪೀಸ್ ಆದರೂ ಎಕ್ಸ್‌ಪೋರ್ಟ್ ಮಾಡಿದ್ದೀರಾ? ಫಾರ್ವರ್ಡ್ ಒಂದೇ ಗೊತ್ತು.

ವಿಜಯಪುರ ಒಣದ್ರಾಕ್ಷಿ: ದುಬೈ ತನಕ ಹಡಗು, ಅಲ್ಲಿಂದ ವಿಮಾನ ಅಂತಾರಲ್ಲ, ಅದು?

ಬಾಗಲಕೋಟೆ ಟ್ರೇಡರ್: ಮಾತು ಸರಿಯಾಗಿ ಆಡಿ.

ಉದ್ಯಮಬಾಗ ಮಷೀನ್ ಶಾಪ್: ಜಗಳ ಆಮೇಲೆ ಮಾಡಿ ದಯವಿಟ್ಟು. ಮೇಡಂ, ಆರ್ಡರ್ ಹಿಂದೆ ಆ ಸಾಲು ಇದೆ. ‘ಸಪ್ಲೈಯರ್ ಕಾರಣದಿಂದ ತಡವಾದರೆ’ ಅಂತಿದೆ. ಅಂದರೆ ಕೊಡಬೇಕಾ?

ಫಾರ್ವರ್ಡರ್ ಮೇಡಂ: ‘ಸಪ್ಲೈಯರ್ ಕಾರಣದಿಂದ’ ಅಂತ ಇದೆ ಅಲ್ವಾ? ಅದೇ ನಿಮ್ಮ ಆಧಾರ. ತಡ ಹಡಗಿನದ್ದು. ಆ ಮೂರು ಕಾಗದ ಹಚ್ಚಿ ಮೇಲ್ ಹಾಕಿ: 100 ಪೀಸ್ ಏರ್‌ಗೆ ರೆಡಿ, ಎಫ್‌ಸಿಎ ಮುಂಬೈ ಏರ್‌ಪೋರ್ಟ್, ಫ್ರೈಟ್ ಕಲೆಕ್ಟ್, ಅಂದರೆ ಏರ್‌ಪೋರ್ಟ್‌ವರೆಗೆ ನಮ್ಮದು, ವಿಮಾನದ ಬಾಡಿಗೆ ನಿಮ್ಮದು, ಲಿಖಿತ ಒಪ್ಪಿಗೆ ಕೊಡಿ. ಬ್ಯಾಂಕ್ ಮೂಲಕ ದುಡ್ಡು ಬರುವ ಎಲ್‌ಸಿ ಇದ್ದರೆ ತಿದ್ದುಪಡಿಯನ್ನೂ ಕೇಳಿ, ಅದು ಬಿಎಲ್ ಬೇಡುತ್ತದೆ, ಏರ್‌ವೇ ಬಿಲ್ ಅಲ್ಲ.

ಉದ್ಯಮಬಾಗ ಮಷೀನ್ ಶಾಪ್: ಅರ್ಧರ್ಧ ಅಂತ ಬಂದರೆ?

ಫಾರ್ವರ್ಡರ್ ಮೇಡಂ: ಅದು ನಿಮ್ಮ ವ್ಯಾಪಾರ, ನೀವೇ ನೋಡಿ. ಕೊಡುವುದಾದರೆ ‘ತಪ್ಪು ಒಪ್ಪಿಕೊಂಡಿಲ್ಲ, ವಸೂಲಿ ಹಕ್ಕು ಬಿಟ್ಟಿಲ್ಲ’ ಅಂತ ಬರೆದೇ ಕೊಡಿ.

ಮಚ್ಛೆ ಫೌಂಡ್ರಿ: ಹಾಗೆ ಬರೆದರೆ ಮುಂದಿನ ಆರ್ಡರ್ ಬರುತ್ತದಾ?

ಬಾಗಲಕೋಟೆ ಟ್ರೇಡರ್: ಮತ್ತೆ ಶುರು.

ಫಾರ್ವರ್ಡರ್ ಮೇಡಂ: ಉದ್ಯಮಬಾಗದವರೇ, ಒಪ್ಪಿಗೆ ಮೇಲ್ ಬರುವವರೆಗೆ ಲಾರಿ ಬಿಡಬೇಡಿ. ಅವರು ಫೋನಿನಲ್ಲಿ ‘ಹ್ಞೂಂ’ ಅಂದರೂ ಬಿಲ್ ನಿಮ್ಮ ಹೆಸರಿಗೇ ಬರುತ್ತದೆ.