ಚೌಕದ ಲೆಕ್ಕದಲ್ಲಿ ಮನೆಯಲ್ಲೇ ಪಶು ಆಹಾರ ಬೆರೆಸುವವರು ಅನುಭವ ಹೇಳಿ

ಮಾಲೂರಿನಿಂದ ಪ್ರಶ್ನೆ: ಎರಡು ಎಚ್‌ಎಫ್ ಮಿಶ್ರತಳಿ ಹಸುಗಳಿವೆ, ತಲಾ ಹತ್ತು ಲೀಟರ್ ಹಾಲು. ಮುಸುಕಿನ ಜೋಳ ನಮ್ಮ ಹೊಲದ್ದೇ. ಕಡಲೆಕಾಯಿ ಹಿಂಡಿ, ಗೋಧಿ ಬೂಸಾ ಕೊಂಡು ಬೆರೆಸಬೇಕೆಂದಿದ್ದೇನೆ. ಪ್ರಮಾಣ, ಖರ್ಚು ತಿಳಿಸಿ.

ಚಿಂತಾಮಣಿ: ನಾನು ಜೋಳ ಎರಡು ಪಾಲು, ಬೂಸಾ ಒಂದು ಪಾಲು ಸೇರಿಸಿ ಒಂದೇ ಸಾಮಗ್ರಿ ಎಂದು ಹಿಡಿಯುತ್ತೇನೆ. ಜೋಳದಲ್ಲಿ ಪ್ರೋಟೀನ್ ಶೇ. 9, ಬೂಸಾದಲ್ಲಿ 15, ಸೇರಿದರೆ 11. ನನ್ನ ಹಿಂಡಿ 41. ಎರಡನ್ನೂ ಯಾವ ಪಾಲಿನಲ್ಲಿ ಬೆರೆಸಬೇಕೆಂದು ತಿಳಿಯಲು ಒಂದು ಚೌಕ ಬರೆಯಿರಿ. ಅದರ ಎಡ ಮೂಲೆಗಳಲ್ಲಿ 11 ಮತ್ತು 41, ನಡುವೆ ನಮಗೆ ಬೇಕಾದ ಪ್ರೋಟೀನ್ ಶೇ. 20. ಓರೆಯಾಗಿ ಕಳೆದರೆ ಜೋಳ-ಬೂಸಾದ ಎದುರಿಗೆ 21, ಹಿಂಡಿಯ ಎದುರಿಗೆ 9. ಅಂದರೆ 70ಕ್ಕೆ 30.

ಬಹಳ ಮಂದಿ ಇಲ್ಲಿಗೇ ಪೆನ್ನು ಮುಚ್ಚುತ್ತಾರೆ. ಆಮೇಲೆ ಹಾಕುವ 2 ಕೆಜಿ ಖನಿಜ ಮಿಶ್ರಣ, 1 ಕೆಜಿ ಉಪ್ಪಿನಲ್ಲಿ ಪ್ರೋಟೀನ್ ಎಲ್ಲಿದೆ? ಉಳಿದ 97 ಕೆಜಿಯೇ ಪೂರ್ತಿ 20 ಕೆಜಿ ಕೊಡಬೇಕು. ಅದಕ್ಕೆ ನಡುವೆ 20ರ ಬದಲು 20.6 ಬರೆಯಿರಿ. ಆಗ ನೂರು ಕೆಜಿಗೆ ಜೋಳ 44, ಬೂಸಾ 22, ಹಿಂಡಿ 31 ಬರುತ್ತದೆ. ಜೋಳವನ್ನು ರವೆಯಂತೆ ಒಡೆಸಿ, ಹಿಟ್ಟು ಮಾಡಿಸಬೇಡಿ. ಹಳೆಯ ಆಹಾರದಿಂದ ಇದಕ್ಕೆ ಬರಲು ಒಂದು ವಾರವಾದರೂ ಕೊಡಿ.

ಗೌರಿಬಿದನೂರು: ಇಷ್ಟು ದುಬಾರಿ ಹಿಂಡಿ ಏಕೆ? ನಾನು ಅಕ್ಕಿ ತೌಡು 12, ಗೋಧಿ ಬೂಸಾ 15 ಇಟ್ಟು ಇದೇ ಚೌಕ ಹಾಕಿದೆ. ತೌಡಿಗೆ 5, ಬೂಸಾಕ್ಕೆ 8 ಪಾಲು ಬಂತು. ಹಿಂಡಿ ಇಲ್ಲದೆಯೇ 20 ಆಯಿತು. ಹಸುಗಳು ಬಕೆಟ್ ನೆಕ್ಕುತ್ತವೆ.

ಚಿಂತಾಮಣಿ: ಸ್ವಾಮಿ, 12ನ್ನೂ 15ನ್ನೂ ಎಷ್ಟು ಬೆರೆಸಿದರೂ 15 ದಾಟುವುದುಂಟೆ? ನಡುವಿನ ಸಂಖ್ಯೆ ಎರಡು ಮೂಲೆಗಳ ಮಧ್ಯೆ ಬೀಳಲೇಬೇಕು. 15ರಿಂದ 20 ಕಳೆದಾಗ ಬಂದ ಮೈನಸ್ ಚಿಹ್ನೆಯನ್ನು ನೀವು ಒರೆಸಿಹಾಕಿದ್ದೀರಿ, ಅಷ್ಟೇ. ನಿಮ್ಮ ಬಕೆಟ್‌ನಲ್ಲಿರುವುದು ಹೆಚ್ಚೆಂದರೆ ಶೇ. 14.

ಗೌರಿಬಿದನೂರು: ನನ್ನ ಹಾಲಿನ ಡಿಗ್ರಿ ಒಮ್ಮೆಯೂ ಕೆಳಗಿಳಿದಿಲ್ಲ. ಪುಸ್ತಕದ ಲೆಕ್ಕ ನಿಮಗಿರಲಿ. ನಾನು ಕುದುರೆ ಮಸಾಲೆ ಸೊಪ್ಪನ್ನೂ ಧಾರಾಳವಾಗಿ ಹಾಕುತ್ತೇನೆ.

ಚಿಂತಾಮಣಿ: ಹಾಗೆ ಹೇಳಿ! ಕೊರತೆ ತುಂಬುತ್ತಿರುವುದು ಸೊಪ್ಪು, ಹೊಗಳಿಕೆ ತೌಡಿಗೆ. ಬರೀ ರಾಗಿ ಹುಲ್ಲಿನ ಮೇಲಿರುವವರು ನಿಮ್ಮ ಮಾತು ಕೇಳಿದರೆ ಹಾಲು ಇಳಿಯುತ್ತದೆ.

ಶಿರಾ: ಇಬ್ಬರೂ ಹಿಂಡಿ ಎಂದರೆ 41 ಎಂದು ನಂಬಿ ಕುಳಿತಿದ್ದೀರಿ. ನನಗೆ ಒಬ್ಬ ವ್ಯಾಪಾರಿ ಮಳೆಗಾಲದಲ್ಲಿ ಕೊಟ್ಟ ಮೂಟೆಯ ಬಿಲ್ಲೆಗಳನ್ನು ಒಡೆದರೆ ಒಳಗೆ ಹಸಿರು ಬೂಷ್ಟು. ಪುಡಿಯನ್ನು ನೀರಿನಲ್ಲಿ ಕದಡಿ ಬಿಟ್ಟರೆ ತಳದಲ್ಲಿ ಮರಳು. ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಮೂಟೆಯನ್ನೇ ತಿಪ್ಪೆಗೆ ಸುರಿದೆ. ಹಣ ವಾಪಸು ಕೇಳಿದರೆ ‘ನಿಮ್ಮ ಕೊಟ್ಟಿಗೆಯಲ್ಲೇ ನೆನೆದಿದೆ’ ಎಂದ.

ಖರ್ಚು ಕೇಳಿದ್ದೀರಲ್ಲ, ನಾನು ಕೊಟ್ಟ ದರದಲ್ಲಿ ಚಿಂತಾಮಣಿಯವರ ನೂರು ಕೆಜಿ ನೋಡಿ. ಹಿಂಡಿ 52ರಂತೆ 1,612, ಬೂಸಾ 27ರಂತೆ 594, ಜೋಳ 24ರಂತೆ 1,056. ಖನಿಜ ಮಿಶ್ರಣ, ಉಪ್ಪಿಗೆ 280. ಜೋಳ ಒಡೆಸಿದ್ದು 88, ಆಟೋ 150. ಒಟ್ಟು 3,780 ರೂಪಾಯಿ. ಕೆಜಿಗೆ ಹೆಚ್ಚು ಕಡಿಮೆ 38! ಡೈರಿಯಲ್ಲಿ ಕೊಡುವ ಮೂಟೆ ಇದಕ್ಕಿಂತ ಅಗ್ಗ. ನಾನು ಮತ್ತೆ ಅದಕ್ಕೇ ಬಂದಿದ್ದೇನೆ.

ಚಿಂತಾಮಣಿ: ಕೇಳಿದವರ ಜೋಳ ಸ್ವಂತದ್ದು. ಅದನ್ನು ಬಿಟ್ಟರೆ ಕೆಜಿಗೆ 27 ಚಿಲ್ಲರೆ.

ಶಿರಾ: ಸ್ವಂತ ಜೋಳ ಆಕಾಶದಿಂದ ಬಿತ್ತೆ? ಮಂಡಿಗೆ ಹಾಕಿದರೆ ಹಣ ಬರುವುದಿಲ್ಲವೆ? ಗೊಬ್ಬರ, ಕೂಲಿ, ಬೋರ್‌ವೆಲ್ ರಿಪೇರಿ ಯಾರ ಲೆಕ್ಕಕ್ಕೆ?

ಚಿಂತಾಮಣಿ: ಮಂಡಿಯಲ್ಲಿ ತೂಕ, ಕಮಿಷನ್, ಬಾಡಿಗೆ ಕಳೆದು ಕೈಗೆ ಬರುವುದನ್ನು ಹಿಡಿಯಿರಿ, ಅಂಗಡಿ ದರವನ್ನಲ್ಲ. ಹಿಂಡಿಯ ವಿಷಯದಲ್ಲಿ ನೀವು ಹೇಳಿದ್ದು ನಿಜ. ಪ್ರಯೋಗಾಲಯದ ಚೀಟಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಅಲ್ಲಿ ಅಳೆಯುವುದು ಸಾರಜನಕ. ಯೂರಿಯಾ ಬೆರೆಸಿದ ಹಿಂಡಿಯೂ ಭರ್ಜರಿ ಪ್ರೋಟೀನ್ ತೋರಿಸುತ್ತದೆ.

ಕುಣಿಗಲ್: ನಮ್ಮಲ್ಲಿ ಹಳ್ಳಿಕಾರ್ ಎತ್ತುಗಳಿಗೆ ಹುರುಳಿ ಬೇಯಿಸಿ ಹಾಕುತ್ತೇವೆ. ಚೌಕ, ತ್ರಿಕೋನ ಯಾವುದೂ ಇಲ್ಲ. ಮೈ ಕನ್ನಡಿಯಂತೆ ಹೊಳೆಯುತ್ತದೆ.

ಶಿರಾ: ಎತ್ತು ಹಾಲು ಕೊಡುತ್ತದೆಯೆ?

ಕುಣಿಗಲ್: ಗದ್ದಲ ಮಾಡದೆ ಹೊಲ ಉಳುತ್ತದೆ.

ಮಾಲೂರು: ಒಂದು ಹಸು ಏಳು ತಿಂಗಳು ತುಂಬಿದ ಗಬ್ಬ. ಅದಕ್ಕೂ ಇದೇ ಮಿಶ್ರಣವೆ? ಎಷ್ಟು ಹಾಕಬೇಕು?

ಚಿಂತಾಮಣಿ: ಚೌಕ ಎಷ್ಟು ಹಾಕಬೇಕೆಂದು ಹೇಳುವುದಿಲ್ಲ, ಸುಣ್ಣದಂಶ, ಶಕ್ತಿಯ ಲೆಕ್ಕವನ್ನೂ ಹೇಳುವುದಿಲ್ಲ. ಕರೆಯುವ ಹಸುವಿಗೆ ನಾನು ಮೈಗೆಂದು ಒಂದೂವರೆ ಕೆಜಿ, ಮೇಲೆ ಲೀಟರಿಗೆ 400 ಗ್ರಾಂ ಕೊಡುತ್ತೇನೆ. ಹತ್ತು ಲೀಟರಿಗೆ ಐದೂವರೆ ಕೆಜಿ, ಎರಡು ಹೊತ್ತಿಗೆ ಹಂಚಿ. ಸಗಣಿ ತೆಳುವಾಗಿ, ಮೆಲುಕು ಕಡಿಮೆಯಾಗಿ, ಫ್ಯಾಟ್ ಇಳಿದರೆ ಜೋಳ ಹೆಚ್ಚಾಗಿದೆ ಎಂದು ತಿಳಿಯಿರಿ. ಗಬ್ಬದ ಹಸುವಿನ ಹಾಲು ಮೊದಲು ಬತ್ತಿಸಿ. ಅದರ ಖನಿಜ ಮಿಶ್ರಣವನ್ನು ಪಶುವೈದ್ಯರನ್ನು ಕೇಳಿಯೇ ಹಾಕಿ.

ಗೌರಿಬಿದನೂರು: ನನ್ನ ಗಬ್ಬದ ಹಸುಗಳಿಗೂ ತೌಡೇ. ಕರುಗಳು ಗಟ್ಟಿಯಾಗಿವೆ, ಬಂದು ನೋಡಿ.

ಶಿರಾ: ಬರುತ್ತೇನೆ, ಆಟೋ ಬಾಡಿಗೆ ನಿಮ್ಮದು.