ಸಹಾಯ ಬೇಕು: ತಮ್ಮ ಮ್ಯೂನಿಕ್‌ಗೆ ಹೊರಟಿದ್ದಾನೆ, ವಿಳಾಸ ನೋಂದಣಿ ಹೇಗೆ?

ನನ್ನ ತಮ್ಮ ಮಾಸ್ಟರ್ಸ್ ಓದಲು ಬೆಂಗಳೂರಿನಿಂದ ಮ್ಯೂನಿಕ್‌ಗೆ ಹೊರಟಿದ್ದಾನೆ. ಟಿಕೆಟ್‌ನಲ್ಲಿ 23 ಕೆಜಿಯ ಎರಡು ಬ್ಯಾಗ್, ಕೈಯಲ್ಲಿ 8 ಕೆಜಿ. ಹಾಲಿನ ಪದಾರ್ಥ ಒಯ್ಯುವಂತಿಲ್ಲ ಅಂತ ಅಮ್ಮ ಇಟ್ಟಿದ್ದ ತುಪ್ಪದ ಡಬ್ಬಿ ತೆಗೆದಿದ್ದೇವೆ, ಚಟ್ನಿಪುಡಿಗೆ ತೊಂದರೆ ಇಲ್ಲ ಅಲ್ವಾ? ಪಾಸ್‌ಪೋರ್ಟ್, ಅಡ್ಮಿಷನ್ ಲೆಟರ್, ಖರ್ಚಿನ ಹಣ ಮೊದಲೇ ಇಟ್ಟು ತಿಂಗಳು ತಿಂಗಳು ಪಡೆಯುವ ಬ್ಲಾಕ್ಡ್ ಅಕೌಂಟಿನ ಪತ್ರ, ಇನ್ಶೂರೆನ್ಸ್, ಮೂಲ ಅಂಕಪಟ್ಟಿ ಎಲ್ಲ ಕೈಬ್ಯಾಗಿನಲ್ಲೇ ಇರುತ್ತವೆ.

ಚಿಂತೆ ಇರುವುದು ಇಳಿದ ಮೇಲಿನದು. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್ ಮಾಡಿಸಬೇಕು, ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ಪತ್ರ ಬೇಕೇ ಬೇಕು. ಮೊದಲ ತಿಂಗಳಿಗೆ ಸಿಕ್ಕಿರುವ ರೂಮಿನವರು ಅದನ್ನು ಕೊಡುವುದಿಲ್ಲ ಅನ್ನುತ್ತಿದ್ದಾರೆ. ನೋಂದಣಿ ಆಗದೆ ಅಲ್ಲಿನ ಬ್ಯಾಂಕ್ ಖಾತೆ ತಡವಾದರೆ ಬ್ಲಾಕ್ಡ್ ಅಕೌಂಟಿನ ತಿಂಗಳ ಹಣವೂ ಕೈಗೆ ಬರುವುದಿಲ್ಲ. ಪತ್ರ ಕೊಡುವ ತಾತ್ಕಾಲಿಕ ರೂಮ್ ಯಾರಿಗಾದರೂ ಗೊತ್ತಾ? ನೋಂದಣಿಗೆ ಮೊದಲೇ ಖಾತೆ ತೆರೆದವರಿದ್ದರೆ ಯಾವ ಬ್ಯಾಂಕ್ ಅಂತ ದಯವಿಟ್ಟು ಹೇಳಿ.