ಸಹಾಯ ಬೇಕು: ‘ಸಿನ್ಸ್’ ತಿದ್ದಿದರೂ ಉಳಿಯುವ ತಪ್ಪು

ಗೆಳೆಯರಿಗೆ ನಮಸ್ಕಾರ. ನಾನು ಉಡುಪಿಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಕುಂದಾಪುರದಿಂದ ಬಂದು ಇಲ್ಲಿನ ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿನಿಯೊಬ್ಬಳು ‘ಐ ಆ್ಯಮ್ ಸ್ಟೇಯಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎಂದು ಬರೆದಿದ್ದಳು. ನಾವು ‘ಎರಡು ವರ್ಷದಿಂದ’, ‘ಜೂನ್‌ನಿಂದ’ ಎಂದು ಎರಡಕ್ಕೂ ‘ಇಂದ’ ಹಚ್ಚಿ, ‘ಇದ್ದೇನೆ’ ಎಂದು ವರ್ತಮಾನದಲ್ಲೇ ಮುಗಿಸುತ್ತೇವಾದ್ದರಿಂದ ಈ ತಪ್ಪು ಸಹಜವೇ.

ಆರಂಭದ ಬಿಂದುವಿಗೆ ‘ಸಿನ್ಸ್’, ಅವಧಿಯ ಉದ್ದಕ್ಕೆ ‘ಫಾರ್’ ಎಂದು ಹೇಳಿಕೊಟ್ಟ ಮೇಲೆ ಅವಳು ‘ಐ ಆ್ಯಮ್ ಸ್ಟೇಯಿಂಗ್ ಹಿಯರ್ ಫಾರ್ ಟೂ ಇಯರ್ಸ್’ ಎಂದು ತಿದ್ದಿದಳು. ನನ್ನ ಆತಂಕ ಇಲ್ಲಿಯೇ ಇದೆ: ಈ ವಾಕ್ಯ ನೋಡಲು ಸರಿಯಾಗಿದ್ದರೂ, ಒಟ್ಟು ಎರಡು ವರ್ಷ ಇರಲು ಬಂದಿದ್ದೇನೆ ಎಂಬ ಬೇರೆಯೇ ಅರ್ಥ ಕೊಡುತ್ತದೆ. ‘ಐ ಸ್ಟೇಯ್ಡ್’ ಎಂದು ಬದಲಿಸಿದರೆ ವಾಸ ಮುಗಿದುಹೋಗುತ್ತದೆ. ‘ಐ ಹ್ಯಾವ್ ಬೀನ್ ಸ್ಟೇಯಿಂಗ್’ ಎಂದಾಗ ಮಾತ್ರ ಹಿಂದೆ ಆರಂಭವಾಗಿ ಈಗಲೂ ಮುಂದುವರಿದಿರುವ ವಾಸ ತಿಳಿಯುತ್ತದೆ. ಪ್ರಶ್ನೆಯಲ್ಲಿಯೂ ಹಾಗೆಯೇ, ‘ಹೌ ಲಾಂಗ್ ಆರ್ ಯೂ ಹಿಯರ್’ ಎಂದರೆ ಒಟ್ಟು ಎಷ್ಟು ದಿನ ಇರುತ್ತೀರಿ ಎಂದಾಗುತ್ತದೆ, ‘ಹೌ ಲಾಂಗ್ ಹ್ಯಾವ್ ಯೂ ಬೀನ್ ಹಿಯರ್’ ಎಂದರೆ ಬಂದು ಎಷ್ಟು ಕಾಲವಾಯಿತು ಎಂದು.

ಆದ್ದರಿಂದ ಕ್ರಿಯಾಪದವನ್ನೇ ಮೊದಲು ಕಲಿಸಿ, ‘ಸಿನ್ಸ್’, ‘ಫಾರ್’ಗಳನ್ನು ಆಮೇಲೆ ತರಬೇಕೆಂದು ನನಗೆ ಅನಿಸುತ್ತಿದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಕ್ರಮದಲ್ಲಿ ಕಲಿಸಿದವರು ಯಾವ ಅಭ್ಯಾಸಗಳನ್ನು ಮಾಡಿಸಿದಿರಿ ಎಂಬುದನ್ನು ದಯವಿಟ್ಟು ಉದಾಹರಣೆ ಸಹಿತ ತಿಳಿಸಬೇಕಾಗಿ ವಿನಂತಿಸುತ್ತೇನೆ.